ತೇಗದ ಬಾಗಿಲಿನ ಮೇಲಿನ ಮೂರು ಕಲೆಗಳು



ನಿಮ್ಮ ಕಾಗದವೂ ಬಾಗಿಲಿನ ಫೋಟೊಗಳೂ ತಲುಪಿದವು. ಸಾಗರದ ಕಡೆ ಈಗ ಮಳೆ ಬಿಟ್ಟಿರಬೇಕು. ಒಳ್ಳೆಯದೇ ಆಯಿತು, ಇನ್ನು ಮುಂದೆ ಹೇಳುವ ಕೆಲಸಕ್ಕೆ ಒಣ ಹವೆ ಬೇಕು. ತೇಗದ ಬಾಗಿಲು ಕಲೆಕಲೆಯಾಗಿದೆ, ಪಾಲಿಶ್ ಕಳಪೆಯದಿರಬೇಕು, ಇನ್ನೊಂದು ಕೈ ಗಾಢವಾಗಿ ಹೊಡೆಸಿದರೆ ಮುಚ್ಚಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಹೊಡೆಸಬೇಡಿ. ಪಾಲಿಶ್ ಬಣ್ಣದ ಪೇಂಟಿನ ಹಾಗೆ ಕೆಳಗಿನದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕಲೆಯ ಮೇಲೆ ಹೊಡೆದ ಪ್ರತಿ ಕೈಯೂ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನೀವು ಒಂದೇ ಕಾಯಿಲೆ ಅಂದುಕೊಂಡಿರುವುದು ನಿಜಕ್ಕೂ ಮೂರು. ಅಡ್ಡಪಟ್ಟಿ ಉದ್ದಪಟ್ಟಿಗೆ ಸೇರುವ ಮೂಲೆಗಳಲ್ಲಿ ಬೆರಳಗಲದ ತಿಳಿ ಮಚ್ಚೆಗಳಿವೆ. ನಡುವಿನ ಹಲಗೆಯ ಒಂದು ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಬಿಳಿಚಿಕೊಂಡ ಪಟ್ಟೆಯಿದೆ. ಬಾಗಿಲಿನ ಕೆಳಗಿನ ಭಾಗದಲ್ಲಿ ಮಂಜು ಕವಿದಂಥ ಬಿಳುಪಿದೆ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೂಲೆಯ ಮಚ್ಚೆಗಳು ಅಂಟಿನವು. ಬಾಗಿಲು ಜೋಡಿಸುವಾಗ ಬಿಗಿ ಕೊಟ್ಟ ಕೂಡಲೇ ಸಂದಿನಿಂದ ಬಿಳಿ ಅಂಟು ಹೊರಗೆ ಉಕ್ಕುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುವುದು ರೂಢಿ. ಒರೆಸಿದಾಗ ಅಂಟು ಹೋಗುವುದಿಲ್ಲ, ತೆಳ್ಳಗಾಗಿ ಮರದ ರಂಧ್ರಗಳೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ಆ ಜಾಗ ಬಣ್ಣವನ್ನು ಹೀರಿಕೊಳ್ಳದೆ ಸುತ್ತಲಿಗಿಂತ ತಿಳಿಯಾಗಿ ಉಳಿದಾಗಲೇ ಅದು ಗೊತ್ತಾಗುವುದು. ಮೊದಲೇ ಪತ್ತೆ ಹಚ್ಚುವ ಉಪಾಯ ಬಹಳ ಸುಲಭ. ಉಜ್ಜಿ ಮುಗಿಸಿದ ಬರಿ ಮರದ ಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಮ್ಮೆ ಎಳೆದು, ಪಕ್ಕದಿಂದ ಬೆಳಕು ಬೀಳುವಂತೆ ನಿಂತು ನೋಡಬೇಕು. ಮರವೆಲ್ಲ ಒದ್ದೆಯಾಗಿ ಗಾಢವಾದಾಗ ಅಂಟು ಹಿಡಿದ ಜಾಗ ಮಾತ್ರ ಮಸುಕಾಗಿ ಉಳಿಯುತ್ತದೆ. ಎಳೆಗೆ ಅಡ್ಡವಾಗಿ ಉಜ್ಜಿದ ಗೀರುಗಳೂ ಆಗಲೇ ಕಾಣುತ್ತವೆ. ಸ್ಪಿರಿಟ್ ಕೆಲವೇ ನಿಮಿಷಗಳಲ್ಲಿ ಆರಿಹೋಗುವುದರಿಂದ ಮರಕ್ಕೆ ತೊಂದರೆಯಿಲ್ಲ. ಪಾಲಿಶ್‌ನವರು ಈ ಒಂದು ಕೆಲಸ ಮಾಡಿದರೆ ಅರ್ಧಕ್ಕರ್ಧ ದೂರುಗಳು ಹುಟ್ಟುವುದೇ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿಳಿಚಿದ ಪಟ್ಟೆಯ ವಿಷಯದಲ್ಲಿ ಯಾರದೂ ತಪ್ಪಿಲ್ಲ. ತೇಗದ ನಡುವಿನ ಚೇಗು ಹೊಂಬಣ್ಣದ ಕಂದು, ತೊಗಟೆಗೆ ಹತ್ತಿರದ ಹೊರಸುತ್ತು ಬಿಳಿ. ಎಳೆಯ ಪ್ರಾಯದಲ್ಲೇ ಕಡಿದ ತೋಟದ ತೇಗದಲ್ಲಿ ಈ ಬಿಳಿ ಭಾಗ ಹೆಚ್ಚು. ಹಲಗೆ ಸೀಳುವಾಗ ಅಂಚಿನಲ್ಲಿ ಅದು ಉಳಿದುಕೊಳ್ಳುತ್ತದೆ. ಎರಡೂ ಭಾಗಕ್ಕೆ ಒಂದೇ ಬಣ್ಣ ಹಚ್ಚಿದರೆ ಎರಡು ಬಣ್ಣ ಬರುವುದು ಸಹಜ. ನಿಮ್ಮ ಬಾಗಿಲುವಾಡ ಹೊನ್ನೆಯದು ಎಂದು ಬರೆದಿದ್ದೀರಿ. ಅದು ಬಾಗಿಲಿಗಿಂತ ಕೆಂಪಗೆ ಕಾಣುವುದಕ್ಕೂ ಇದೇ ಕಾರಣ, ಮರವೇ ಬೇರೆ. ಅದನ್ನು ಬಲವಂತವಾಗಿ ತೇಗದ ಬಣ್ಣಕ್ಕೆ ತರಲು ಹೋಗಬೇಡಿ. ಹೊನ್ನೆಯ ಸ್ವಂತ ಬಣ್ಣ ಚೆಂದವೇ ಇದೆ. ಆದರೆ ಅದನ್ನು ನೀರು ಮುಟ್ಟಿಸಿ ತೊಳೆಯಬೇಡಿ, ನೀರು ಕಂಡರೆ ಹೊನ್ನೆ ಹಳದಿ ಬಣ್ಣ ಬಿಡುತ್ತದೆ, ಅದು ಗಾರೆಯ ಮೇಲೂ ಇಳಿಯುತ್ತದೆ.

ಕೆಳಗಿನ ಮಂಜು ಮಾತ್ರ ಮಳೆಗಾಲದ ಕೊಡುಗೆ. ಅರಗಿನ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಷ್ಟೇ. ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿ ತೇವವಾಗಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ನೀರಿನ ಪಸೆ ಕೂತು, ಪಾಲಿಶ್‌ನ ಪದರದೊಳಗೆ ಸಿಕ್ಕಿ ಬಿಳಿಯಾಗಿ ಕಾಣುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಅರಗಿನ ಪಾಲಿಶ್ ಮಾಡಿಸಿದರೆ ಇದು ಆಗದಿದ್ದರೇ ಆಶ್ಚರ್ಯ. ಇದರ ಜೊತೆಗೆ ನಿಮ್ಮ ಬಾಗಿಲಿನಲ್ಲಿ ಇನ್ನೊಂದು ಕಾರಣವೂ ಸೇರಿದೆ. ದಿನವೂ ಬೆಳಗ್ಗೆ ಹೊಸ್ತಿಲು ತೊಳೆದು ರಂಗೋಲಿ ಹಾಕುತ್ತೀರಿ. ಆ ನೀರು ಬಾಗಿಲಿನ ಅಡಿ ಅಂಚಿಗೆ ತಾಗುತ್ತದೆ. ಅಡಿ ಅಂಚಿಗೆ ಪಾಲಿಶ್ ಹೊಡೆದಿದ್ದಾರೆಯೇ ಎಂದು ಒಂದು ಸಣ್ಣ ಕನ್ನಡಿಯನ್ನು ಕೆಳಗೆ ಹಿಡಿದು ನೋಡಿ. ಬಹುಪಾಲು ಮನೆಗಳಲ್ಲಿ ಅದು ಬರಿ ಮರವೇ ಆಗಿರುತ್ತದೆ. ಉದ್ದಪಟ್ಟಿಗಳ ಕತ್ತರಿಸಿದ ತುದಿ ಅಲ್ಲಿ ನೆಲಕ್ಕೆ ಮುಖ ಮಾಡಿರುತ್ತದೆ. ಮರ ಬದುಕಿದ್ದಾಗ ನೀರು ಏರಿದ ಅದೇ ನಾಳಗಳ ಬಾಯಿ ಅದು. ಅಲ್ಲಿಂದ ಹೀರಿದ ನೀರು ಪಾಲಿಶ್‌ನ ಹಿಂದಿನಿಂದ ಬರುತ್ತದೆ, ಮೇಲಿನಿಂದ ಎಷ್ಟು ಕೈ ಹೊಡೆದರೂ ತಡೆಯಲಾಗದು.

ಇನ್ನು ಸರಿಪಡಿಸುವ ಬಗೆ. ಮೊದಲು ಮೇಲಿರುವುದು ಏನೆಂದು ತಿಳಿದುಕೊಳ್ಳಿ. ಕೀಲಿನ ಬಳಿ ಕಾಣದ ಜಾಗದಲ್ಲಿ ಸ್ಪಿರಿಟ್ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪದರ ಜಿಗುಟಾದರೆ ಅದು ಅರಗು. ಹಾಗೆಯೇ ಗಟ್ಟಿಯಾಗಿ ಉಳಿದರೆ ವಾರ್ನಿಷ್ ಅಥವಾ ಮೆಲಮೈನ್, ಅದನ್ನು ಉಜ್ಜಿಯೇ ತೆಗೆಯಬೇಕು. ನಿಮ್ಮದು ಅರಗೇ ಆಗಿದ್ದರೆ ಕೆಲಸ ಸಲೀಸು. ಸ್ಪಿರಿಟ್ ಸವರಿ, ಮೆತ್ತಗಾದ ಮೇಲೆ ನೈಲಾನ್ ಸ್ಕ್ರಬರ್‌ನಿಂದ ಎಳೆಯ ಜಾಡಿನಲ್ಲೇ ತಿಕ್ಕಿ ಒರೆಸಿ. ಕಬ್ಬಿಣದ ತುರಿ ಬಳಸಬೇಡಿ. ಅದರ ಚೂರುಗಳು ಮರದಲ್ಲಿ ಉಳಿದು, ತೇವ ತಾಗಿದಾಗ ತೇಗದೊಳಗಿನ ಒಗರಿನೊಂದಿಗೆ ಸೇರಿ ಕಪ್ಪು ಚುಕ್ಕೆಗಳಾಗುತ್ತವೆ. ಸ್ಪಿರಿಟ್ ಬಳಸುವಾಗ ಕಿಟಕಿಗಳು ತೆರೆದಿರಲಿ, ಹತ್ತಿರ ದೀಪವಾಗಲಿ ಬೀಡಿಯಾಗಲಿ ಇರಕೂಡದು.

ಬಾಗಿಲನ್ನು ಕೀಲಿನಿಂದ ಬಿಡಿಸಿ ಎರಡು ಸ್ಟೂಲಿನ ಮೇಲೆ ಮಲಗಿಸಿಕೊಂಡರೆ ಒಳ್ಳೆಯದು. ಮೂಲೆಗಳ ಅಂಟನ್ನು ಮೊದಲು ಬ್ಲೇಡಿನಿಂದ ಹೆರೆದು ತೆಗೆಯಬೇಕು, ಉಜ್ಜುವುದರಿಂದ ಮಾತ್ರ ಅದು ಹೋಗದು. ಆಮೇಲೆ 120ರ ಉಪ್ಪುಕಾಗದ, ನಂತರ 180. ಅಲ್ಲಿಗೆ ನಿಲ್ಲಿಸಿ. ಕೆಲವರು ನುಣುಪಾಗಲೆಂದು ಕೆಲವು ಕಡೆ 320ರವರೆಗೆ ಹೋಗುತ್ತಾರೆ, ಕೆಲವು ಕಡೆ ಹೋಗುವುದಿಲ್ಲ. ಹೆಚ್ಚು ನುಣುಪಾದ ಜಾಗ ಬಣ್ಣ ಕಡಿಮೆ ಹೀರುವುದರಿಂದ ಅದೂ ಒಂದು ಬಗೆಯ ಕಲೆಯೇ. ಬಾಗಿಲಿನ ಮೈಯೆಲ್ಲ ಒಂದೇ ಕಾಗದಕ್ಕೆ ಮುಗಿಯಬೇಕು. ಕತ್ತರಿಸಿದ ತುದಿಗಳನ್ನು ಮಾತ್ರ 220ರವರೆಗೆ ಉಜ್ಜಿ, ಏಕೆಂದರೆ ಅವು ಬಣ್ಣವನ್ನು ಮಿತಿಮೀರಿ ಕುಡಿದು ಕಪ್ಪಾಗುತ್ತವೆ. ಅಡ್ಡಪಟ್ಟಿಯನ್ನು ಮೊದಲು ಉಜ್ಜಿ, ಉದ್ದಪಟ್ಟಿಯನ್ನು ಕೊನೆಗೆ ಉಜ್ಜಿದರೆ ಸಂದಿನ ಬಳಿ ಬಿದ್ದ ಅಡ್ಡ ಗೀರುಗಳು ತಾವೇ ಅಳಿಸಿಹೋಗುತ್ತವೆ. ಧೂಳು ಒರೆಸಿ, ಸ್ಪಿರಿಟ್ ಪರೀಕ್ಷೆ ಮಾಡಿ. ಮಸುಕು ಇನ್ನೂ ಇದ್ದರೆ ಮತ್ತೆ ಹೆರೆಯಿರಿ. ಇಲ್ಲಿ ಆತುರ ಬೇಡ.

ಈಗ ತೆಳ್ಳಗಿನ ಅರಗು ಒಂದು ಕೈ. ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ ಹಾಕುವುದು ಸಾಮಾನ್ಯ ಪಾಲಿಶ್‌ನ ಅಳತೆ. ಈ ಮೊದಲ ಕೈಗೆ ಅದರ ಅರ್ಧ ಸಾಕು. ಇದು ಹೊಳಪಿಗಲ್ಲ, ಎಲ್ಲ ಕಡೆಯ ಹಸಿವನ್ನು ಒಂದೇ ಮಟ್ಟಕ್ಕೆ ತರುವುದಕ್ಕೆ. ಕರಗಿಸಿದ ಅರಗನ್ನು ಕೆಲವು ದಿನ ಅಲುಗಿಸದೆ ಇಟ್ಟು, ಅಡಿಯಲ್ಲಿ ಮೇಣ ತಂಗಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮೇಣ ಉಳಿದರೆ ಅದರ ಮೇಲೆ ಹೊಡೆಯುವ ಪಾಲಿಯುರೆಥೇನ್ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ, ಮುಂದೊಂದು ದಿನ ಸಿಪ್ಪೆಯಾಗಿ ಏಳುತ್ತದೆ. ಆ ಕೈ ಒಣಗಿದ ಮೇಲೆ ಬಿಳಿ ಪಟ್ಟೆಯ ಸರದಿ. ಅದೇ ತಿಳಿ ಅರಗಿನಲ್ಲಿ ಸ್ಪಿರಿಟ್‌ಗೆ ಕರಗುವ ಕಂದು ಬಣ್ಣವನ್ನು ಚಿಟಿಕೆಯಷ್ಟು ಬೆರೆಸಿ, ಸಣ್ಣ ಬ್ರಷ್‌ನಿಂದ ಪಟ್ಟೆಯ ಮೇಲೆ ಮಾತ್ರ ಎಳೆಯಿರಿ. ಒಮ್ಮೆಗೇ ಗಾಢ ಮಾಡಬೇಡಿ. ತೆಳುವಾಗಿ ಎಳೆದು, ಒಣಗಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಬೇಕಿದ್ದರೆ ಮತ್ತೊಮ್ಮೆ. ಮೊಳೆ ತೂತುಗಳಿಗೆ ತುಂಬುವ ಪುಟ್ಟಿಯನ್ನೂ ಈ ಹಂತದಲ್ಲೇ, ಮುಚ್ಚಿದ ಮರದ ಬಣ್ಣಕ್ಕೆ ಹೊಂದಿಸಿ ತುಂಬಿ. ಬರಿ ಮರದ ಮೇಲೆ ಮೆತ್ತಿದ ಪುಟ್ಟಿ ತೂತಿನ ಸುತ್ತಲೂ ಹರಡಿ ಹೊಸ ಮಚ್ಚೆಯನ್ನು ಹುಟ್ಟಿಸುತ್ತದೆ.

ಮೇಲಿನ ರಕ್ಷಣೆಗೆ ಎರಡೂ ಮುಖಕ್ಕೆ ಒಂದೇ ವಸ್ತು ಬೇಡ. ಮನೆಯೊಳಗಿನ ಮುಖಕ್ಕೆ ಅರಗಿನ ಪಾಲಿಶ್ ಚೆನ್ನಾಗಿ ಒಪ್ಪುತ್ತದೆ. ಹೊರಮುಖ ಬಿಸಿಲು ಮಳೆ ಎರಡನ್ನೂ ಉಣ್ಣುತ್ತದೆ, ಅಲ್ಲಿ ಅರಗು ನಿಲ್ಲುವುದಿಲ್ಲ. ಹೊರಾಂಗಣಕ್ಕೆಂದೇ ಬರುವ ವಾರ್ನಿಷ್ ಮೂರು ಕೈ ಬೇಕು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ನಿಮ್ಮ ಬಾಗಿಲಿನ ಒಂದು ಮುಖಕ್ಕೆ ಒಂದು ಕೈಗೆ ಕಾಲು ಲೀಟರ್‌ನಷ್ಟು ಸಾಕಾಗುತ್ತದೆ. ಒಂದು ಲೀಟರ್ ತಂದರೆ ಮೂರು ಕೈ ಮುಗಿದು ಅಂಚುಗಳಿಗೂ ಉಳಿಯುತ್ತದೆ. ಮೊದಲ ಕೈಗೆ ಡಬ್ಬದ ಮೇಲೆ ಹೇಳಿರುವ ಥಿನ್ನರ್ ಹತ್ತನೇ ಒಂದು ಪಾಲು ಸೇರಿಸಿ. ಪ್ರತಿ ಕೈ ಪೂರ್ತಿ ಒಣಗಿದ ಮೇಲೆ 320ರ ಕಾಗದದಿಂದ ಹಗುರವಾಗಿ ಉಜ್ಜಿ. ಬಿಳಿ ಪುಡಿ ಬಂದರೆ ಒಣಗಿದೆ ಎಂದರ್ಥ, ಕಾಗದಕ್ಕೆ ಅಂಟಿಕೊಂಡರೆ ಇನ್ನೊಂದು ದಿನ ಕಾಯಬೇಕು. ಮ್ಯಾಟ್ ವಾರ್ನಿಷ್ ಆದರೆ ಡಬ್ಬವನ್ನು ಅಲ್ಲಾಡಿಸದೆ ಕಡ್ಡಿಯಿಂದ ತಳ ಮುಟ್ಟುವಂತೆ ಕಲಕಿ. ಹೊಳಪು ತಗ್ಗಿಸುವ ಪುಡಿ ಅಡಿಯಲ್ಲಿ ಕೂತಿರುತ್ತದೆ. ಕಲಕದೆ ಹೊಡೆದರೆ ಮೇಲ್ಭಾಗ ಹೊಳೆದು ಕೆಳಭಾಗ ಮಂಕಾಗುತ್ತದೆ, ಅದನ್ನೂ ಜನ ಕಲೆ ಎಂದೇ ಕರೆಯುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೊಡೆಸಬೇಡಿ. ಒಂದು ಎಳೆತ ಇನ್ನೊಂದಕ್ಕೆ ಬೆರೆಯುವ ಮೊದಲೇ ಒಣಗಿ, ಸೇರಿದಲ್ಲೆಲ್ಲ ಗಾಢ ಗೆರೆ ನಿಲ್ಲುತ್ತದೆ. ಹಲಗೆಗಳು ಮೊದಲು, ಆಮೇಲೆ ಅಡ್ಡಪಟ್ಟಿ, ಉದ್ದಪಟ್ಟಿ ಕೊನೆಗೆ.

ಬಾಗಿಲು ಇನ್ನೂ ಮಲಗಿರುವಾಗಲೇ ಅಡಿ ಅಂಚಿಗೂ ಮೇಲಿನ ಅಂಚಿಗೂ ವಾರ್ನಿಷ್ ಕುಡಿಸಿ, ಮರ ಇನ್ನು ಬೇಡ ಎನ್ನುವವರೆಗೆ. ಪಾಲಿಶ್‌ನವರಿಗೆ ಕೂಲಿ ಕೊಡುವ ಮುನ್ನ ಮುಖ ನೋಡುವುದಕ್ಕಿಂತ ಮೊದಲು ಆ ಎರಡು ಅಂಚುಗಳನ್ನು ಬೆರಳಿನಿಂದ ಸವರಿ ನೋಡಿ. ನವೆಂಬರ್ ಮುಗಿಯುವ ಹೊತ್ತಿಗೆ ಅಲ್ಲಿಯ ಹವೆ ಈ ಕೆಲಸಕ್ಕೆ ಸರಿಹೋಗುತ್ತದೆ, ಅಲ್ಲಿಯವರೆಗೆ ಬಾಗಿಲನ್ನು ಹಾಗೆಯೇ ಬಿಡಿ. ಸ್ಪಿರಿಟ್ ಪರೀಕ್ಷೆ ಮಾಡಿದ ದಿನ, ಮರ ಒದ್ದೆಯಿರುವಾಗಲೇ ಒಂದು ಫೋಟೊ ತೆಗೆದು ನನಗೆ ಕಳಿಸಿ. ಅದನ್ನು ನೋಡಿದ ಮೇಲೆಯೇ ಅರಗು ಕರಗಿಸೋಣ.

ನಿಮ್ಮವ