ರೂಮ್‌ಮೇಟ್ಸ್ ಒಪ್ಪಂದ: ಬಾಡಿಗೆ, ಅಡ್ವಾನ್ಸ್ ಮತ್ತು ಮಧ್ಯದಲ್ಲೇ ಹೊರಟವರ ಲೆಕ್ಕ

ಭಾಗ 1/5 🏠

ಹಾಸ್ಟೆಲ್ ಬಿಟ್ಟು ಫ್ಲ್ಯಾಟ್ ಹುಡುಕ್ತಿರೋರೆಲ್ಲ ಇದನ್ನ ಸೇವ್ ಮಾಡ್ಕೊಳ್ಳಿ. ಐದು ಭಾಗ ಇದೆ, ಒಂದೊಂದೂ ಒಂದು ಟೀ ಕುಡಿಯೋಷ್ಟು ಹೊತ್ತು.

ನಾವು ಮೂರು ಜನ ಮೈಸೂರಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿದಿದೀವಿ. ಒಬ್ಬಳು ರಾಯಚೂರಿನವಳು, ಒಬ್ಬಳು ಹಾಸನದವಳು, ನಾನು ಚಿತ್ರದುರ್ಗದವಳು. ಬಾಡಿಗೆ ₹15,000, ಅಡ್ವಾನ್ಸ್ ₹60,000. ಹಾಸನದವಳ ಪಾಲಿನ ಅಡ್ವಾನ್ಸ್ ಅವಳಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕೊಟ್ಟಿದ್ದು. ಆ ದುಡ್ಡು ವಾಪಸ್ ಬರಲೇಬೇಕಿತ್ತು. ಅದಕ್ಕೇ ಸಾಮಾನು ಸಾಗಿಸೋಕೆ ಮೊದಲೇ ಕೂತು ಬರ್ಕೊಂಡ್ವಿ.

'ಓನರ್ ಜೊತೆ ಅಗ್ರಿಮೆಂಟ್ ಇದೆಯಲ್ಲ, ಇನ್ನೊಂದು ಯಾಕೆ?' ಅಂತ ನೀವು ಕೇಳಬಹುದು. ಬಿಸಿನೆಸ್ ಲಾ ಓದಿದವರು 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ತೆಗೆದು ನೋಡಿ. ಅದರಲ್ಲಿ ಮೂರು ಮಾತಿದೆ. ಒಂದು, ಹಲವರು ಸೇರಿ ಮಾತು ಕೊಟ್ಟಿದ್ದರೆ, ಬೇರೆ ಥರ ಬರೆದಿಲ್ಲದಿದ್ರೆ, ಅವರಲ್ಲಿ ಯಾರೊಬ್ಬರಿಂದ ಬೇಕಾದ್ರೂ ಪೂರ್ತಿ ವಸೂಲಿ ಮಾಡಬಹುದು. ಎರಡು, ಹಾಗೆ ಪೂರ್ತಿ ಕಟ್ಟಿದವರು ಉಳಿದವರಿಂದ ಪಾಲು ಕೇಳಬಹುದು, ಬೇರೆ ಥರ ಒಪ್ಪಿಲ್ಲದಿದ್ರೆ ಅದು ಸಮಪಾಲು. ಮೂರು, ಒಬ್ಬರು ತಮ್ಮ ಪಾಲು ಕೊಡದೇ ಹೋದ್ರೆ ಆ ನಷ್ಟವನ್ನ ಉಳಿದವರು ಸಮನಾಗಿ ಹೊರಬೇಕು.

ಅಂದ್ರೆ ಓನರ್ ಜೊತೆಗಿನ ಅಗ್ರಿಮೆಂಟಿನಲ್ಲಿ ಮೂವರದೂ ಸಹಿ ಇದ್ದು, ಒಬ್ಬಳು ಬಾಡಿಗೆ ಕೊಡದೇ ಊರಿಗೆ ಹೋದ್ರೆ ಓನರ್ ನಿಮ್ಮನ್ನ ಕೇಳ್ತಾರೆ, ಕೇಳೋ ಹಕ್ಕೂ ಅವರಿಗಿದೆ. 'ನನ್ನ ಪಾಲು ಕೊಟ್ಟಿದೀನಿ ಸರ್' ಅಂದ್ರೆ ನಡೆಯಲ್ಲ. ನಾವು ನಾವೇ ಮಾಡ್ಕೊಳ್ಳೋ ಒಪ್ಪಂದ ಓನರ್‌ನ ಕಟ್ಟಿಹಾಕಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದನ್ನ ಮಾತ್ರ ಅದು ನಮ್ಮೊಳಗೆ ತೀರ್ಮಾನ ಮಾಡುತ್ತೆ. ಇಷ್ಟು ಗೊತ್ತಿಟ್ಟುಕೊಂಡು ಮುಂದೆ ಓದಿ.

ಭಾಗ 2/5 ✏️ ಬಾಡಿಗೆ ಮೂರು ಭಾಗ ಮಾಡಿದ್ರೆ ಮುಗೀತಾ?

ಇಲ್ಲ. ನಮ್ಮ ಮನೇಲಿ ದೊಡ್ಡ ರೂಮಲ್ಲಿ ಇಬ್ಬರು ಇರಬೇಕು, ಚಿಕ್ಕ ರೂಮಲ್ಲಿ ಒಬ್ಬಳೇ ಇರಬಹುದು. ತಲೆಗೆ ₹5,000 ಅಂದ್ರೆ ಒಂಟಿ ರೂಮು ಸಿಕ್ಕವಳಿಗೆ ಲಾಭ. ಟೇಪ್ ಹಿಡಿದು ಅಡಿ ಲೆಕ್ಕ ಹಾಕಿದ್ರೆ ಚಿಕ್ಕ ರೂಮು ಅಂತ ಅವಳದೇ ಕಮ್ಮಿ ಆಗುತ್ತೆ. ಆದ್ರೆ ಒಬ್ಬಳೇ ಬಾಗಿಲು ಹಾಕ್ಕೊಂಡು ಮಲಗೋದಕ್ಕೆ ಬೆಲೆ ಇದೆ, ಅದನ್ನ ಟೇಪ್ ಅಳೆಯಲ್ಲ.

ನಾವು ಚೀಟಿ ಬರೆದ್ವಿ. ಪ್ರಶ್ನೆ ಒಂದೇ: 'ಒಂಟಿ ರೂಮಿಗೆ ನೀನು ಹೆಚ್ಚು ಅಂದ್ರೆ ಎಷ್ಟು ಕೊಡ್ತೀಯಾ? ಉಳಿದದ್ದನ್ನ ಇನ್ನಿಬ್ಬರು ಅರ್ಧ ಅರ್ಧ ಕೊಡ್ತಾರೆ ಅಂತ ಗೊತ್ತಿಟ್ಟುಕೊಂಡು ಬರಿ.' ಯಾರೂ ಇನ್ನೊಬ್ಬರ ಚೀಟಿ ನೋಡೋ ಹಾಗಿಲ್ಲ. ತೆಗೆದು ನೋಡಿದ್ರೆ ರಾಯಚೂರಿನವಳು ₹6,500, ಹಾಸನದವಳು ₹5,800, ನಾನು ₹5,400. ಜಾಸ್ತಿ ಬರೆದವಳಿಗೆ ರೂಮು. ಬೆಲೆ ಮಾತ್ರ ಅವಳು ಬರೆದಷ್ಟಲ್ಲ, ಮೊದಲ ಎರಡು ಚೀಟಿಗಳ ಮಧ್ಯೆ ಎಲ್ಲಾದ್ರೂ ಇರಲಿ ಅಂತ ₹6,000 ಮಾಡಿದ್ವಿ. ಉಳಿದ ₹9,000 ನಮ್ಮಿಬ್ಬರಿಗೆ, ತಲಾ ₹4,500.

ಈಗ ನೋಡಿ, ₹6,500 ಕೊಡೋಕೂ ರೆಡಿ ಇದ್ದವಳಿಗೆ ₹6,000ಕ್ಕೆ ಸಿಕ್ತು. ನಮ್ಮಿಬ್ಬರಿಗೆ ₹6,000 ಕೊಟ್ಟು ಆ ರೂಮು ಬೇಕಿರಲಿಲ್ಲ, ಅದು ಚೀಟಿಯಲ್ಲೇ ಇದೆ. ಹಾಗಾಗಿ ವರ್ಷದ ಮಧ್ಯೆ 'ನಿಂಗೆ ಒಳ್ಳೆ ರೂಮು ಸಿಕ್ತು ಕಣೇ' ಅನ್ನೋ ಮಾತೇ ಬರಲಿಲ್ಲ.

ಅಡ್ವಾನ್ಸೂ ಅದೇ ಅನುಪಾತ. ₹15,000ದಲ್ಲಿ ₹6,000 ಅಂದ್ರೆ ಶೇ. 40. ₹60,000ದಲ್ಲಿ ಶೇ. 40 ಅಂದ್ರೆ ₹24,000 ಅವಳದು. ನಮ್ಮಿಬ್ಬರದು ಶೇ. 30ರಂತೆ ತಲಾ ₹18,000. ಯಾರು ಎಷ್ಟು ಕೊಟ್ಟರು, ಯಾವ ತಾರೀಕು, ಯಾವ ಅಕೌಂಟಿನಿಂದ ಅಂತ ಒಪ್ಪಂದದಲ್ಲೇ ಬರೆದ್ವಿ. ಪಾರ್ಟ್ನರ್‌ಶಿಪ್ ಡೀಡಲ್ಲಿ ಬಂಡವಾಳ ಬರೀತಾರಲ್ಲ, ಹಾಗೇ.

ಭಾಗ 3/5 💡 ಕರೆಂಟು ಮತ್ತು ಮನೆ ರೂಲ್ಸು

ಬಾಡಿಗೆ ರೂಮಿನ ಪ್ರಕಾರ, ಆದ್ರೆ ಕರೆಂಟು, ಗ್ಯಾಸ್, ಕುಡಿಯೋ ನೀರಿನ ಕ್ಯಾನು ತಲೆ ಲೆಕ್ಕ. ಗೀಸರ್ ಆನ್ ಮಾಡೋದು ರೂಮಲ್ಲ, ನಾವು.

ಕರೆಂಟಿನಲ್ಲಿ ಒಂದು ವಿಷಯ ಗಮನಿಸಿ. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ನಿಮ್ಮ ಮೀಟರಿಗೆ ಗೊತ್ತುಮಾಡಿದ ಯೂನಿಟ್ ತನಕ ಬಿಲ್ ಸೊನ್ನೆ, ಅದು ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು. ಆದ್ರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಅಂದ್ರೆ ಕೊನೇ ವಾರ ಒಬ್ಬಳು ಇಂಡಕ್ಷನ್ ಒಲೆ ಜಾಸ್ತಿ ಉರಿಸಿದ್ರೂ ಮೂವರಿಗೂ ಬಿಲ್ ಬೀಳಬಹುದು. ಅದಕ್ಕೆ ನಮ್ಮ ರೂಲ್: ಬಿಲ್ ಬಂದು ಇಪ್ಪತ್ತು ದಿನಕ್ಕೆ ಮೀಟರ್ ಫೋಟೋ ಗ್ರೂಪಿಗೆ ಹಾಕಬೇಕು. ಆಗಲೇ 130 ಯೂನಿಟ್ ದಾಟಿದ್ರೆ ಗೀಸರ್ ಸ್ನಾನ ದಿನ ಬಿಟ್ಟು ದಿನ. ಪಾಳಿ ಪ್ರಕಾರ ಫೋಟೋ ಹಾಕೋದು, ಹೆಸರು ಕ್ಯಾಲೆಂಡರಲ್ಲಿದೆ.

ಇನ್ನು ಮನೆ ರೂಲ್ಸು. 'ಮನೆ ಕ್ಲೀನಾಗಿ ಇಡಬೇಕು' ಅಂತ ಬರೀಬೇಡಿ. ಕ್ಲೀನ್ ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ನೋಡಿದ ತಕ್ಷಣ 'ಆಗಿದೆ' ಅಥವಾ 'ಆಗಿಲ್ಲ' ಅಂತ ಹೇಳೋಕೆ ಬರೋದನ್ನ ಮಾತ್ರ ಬರೀರಿ. ನಮ್ಮಲ್ಲಿ ಹೀಗಿದೆ: ರಾತ್ರಿ ಊಟದ ಪಾತ್ರೆ ಬೆಳಿಗ್ಗೆ 8ರೊಳಗೆ ತೊಳೆದಿರಬೇಕು. ಮೊಟ್ಟೆ, ಮಾಂಸಕ್ಕೆ ಒಂದು ಬಾಣಲೆ, ಒಂದು ಚಾಕು ಬೇರೆ, ಅವು ಕೆಳಗಿನ ಶೆಲ್ಫಲ್ಲಿ. ಗೆಸ್ಟ್ ತಿಂಗಳಿಗೆ ಮೂರು ರಾತ್ರಿ ಉಳೀಬಹುದು, ಒಂದು ದಿನ ಮೊದಲೇ ಗ್ರೂಪಲ್ಲಿ ಹೇಳಿರಬೇಕು. ಯಾರದ್ದಾದ್ರೂ ಪರೀಕ್ಷೆ ನಡೀತಿದ್ರೆ ರಾತ್ರಿ 10ರ ಮೇಲೆ ಹಾಲಲ್ಲಿ ಸ್ಪೀಕರ್ ಇಲ್ಲ.

ನಾಲ್ಕೇ ರೂಲು. ಹದಿನೈದು ಬರೆದ್ರೆ ಯಾರಿಗೂ ನೆನಪಿರಲ್ಲ. ಮತ್ತೆ ಇವನ್ನ ದುಡ್ಡಿನ ಪುಟದ ಜೊತೆ ಸೇರಿಸಬೇಡಿ. ಪಾತ್ರೆ ತೊಳೀಲಿಲ್ಲ ಅಂತ ಯಾವ ಕೋರ್ಟಿಗೂ ಹೋಗೋಕಾಗಲ್ಲ. ನಮ್ಮಲ್ಲಿ ರೂಲ್ಸ್ ಹಾಳೆ ಫ್ರಿಜ್ ಮೇಲಿದೆ, ಸಹಿ ಮಾಡಿದ ಒಪ್ಪಂದ ಫೈಲಲ್ಲಿದೆ.

ಭಾಗ 4/5 📦 ಒಬ್ಬಳು ಮಧ್ಯದಲ್ಲೇ ಹೊರಟಾಗ

ಒಪ್ಪಂದ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ.

ಓನರ್ ಜೊತೆಗಿನ ಅಗ್ರಿಮೆಂಟು 11 ತಿಂಗಳದ್ದು, ಜೂನಿಂದ ಏಪ್ರಿಲ್. (ಒಂದು ವರ್ಷ ಮೀರಿದ ಲೀಸನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ಅಂತ ಬರೆಸೋದು.) ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಅಂದ್ರೆ ₹15,000 ಹಿಡ್ಕೋತಾರೆ ಅಂತಾನೂ ಅದರಲ್ಲಿದೆ.

ಅಕ್ಟೋಬರ್ ಕೊನೇಲಿ ಹಾಸನದವಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು. ಓನರ್ ಮನೆ ಪೂರ್ತಿ ಖಾಲಿಯಾಗೋ ತನಕ ಅಡ್ವಾನ್ಸ್ ಕೊಡಲ್ಲ. ಹಾಗಾದ್ರೆ ಅವಳ ₹18,000 ಯಾರು ಕೊಡಬೇಕು?

ನಾವು ಬರೆದಿದ್ದು ಹೀಗೆ. ಹೊರಡೋರು ಎರಡು ತಿಂಗಳು ಮೊದಲು ಹೇಳಬೇಕು. ಬದಲಿ ಬರೋ ತನಕ, ಇಲ್ಲಾ ಆ ಎರಡು ತಿಂಗಳು ಮುಗಿಯೋ ತನಕ, ಯಾವುದು ಮೊದಲೋ ಅಲ್ಲೀವರೆಗೆ ತಮ್ಮ ಪಾಲಿನ ಬಾಡಿಗೆ ಕೊಡಬೇಕು. ಬದಲಿಯನ್ನ ಹುಡುಕೋದು ಹೊರಡೋರ ಕೆಲಸ, ಒಪ್ಪೋದು ಉಳಿದವರ ಹಕ್ಕು. ಆದ್ರೆ ಉಳಿದವರು ಇಬ್ಬರನ್ನ ಬೇಡ ಅಂದ್ರೆ, ಅಲ್ಲಿಂದ ಖಾಲಿ ಪಾಲಿನ ಬಾಡಿಗೆ ಉಳಿದವರದೇ. ಈ ಕೊನೇ ಸಾಲು ಇಲ್ಲದಿದ್ರೆ ಒಪ್ಪೋ ಹಕ್ಕು ಇರೋರು ಸುಮ್ಮನೆ ಬೇಡ ಅಂತಾನೇ ಇರಬಹುದು, ಹೊರಟವರು ಬಾಡಿಗೆ ಕಟ್ಟುತ್ತಾನೇ ಇರಬೇಕಾಗುತ್ತೆ.

ಅವಳು ಡಿಸೆಂಬರ್ 8ಕ್ಕೇ ಹೋದಳು. ಬದಲಿ ಹುಡುಗಿ ಬಂದಿದ್ದು ಜನವರಿ 1ಕ್ಕೆ. ಡಿಸೆಂಬರಿನ ₹4,500 ಕೇಳಿದಾಗ 'ನಾನು ಇದ್ದಿದ್ದೇ ಎಂಟು ದಿನ ಕಣೇ' ಅಂದಳು. ಮನಸ್ಸಿಗೆ ಕಷ್ಟ ಆಯ್ತು, ಇಬ್ಬರಿಗೂ. ರಾಯಚೂರಿನವಳು ಫೈಲ್ ತೆಗೆದು ಆ ಸಾಲು ತೋರಿಸಿದಳು, ಅಷ್ಟೇ. ಅದು ಅವಳದೇ ಅಕ್ಷರದಲ್ಲಿತ್ತು, ಒಪ್ಪಂದ ಕೈಯಲ್ಲಿ ಬರೆದಿದ್ದು ಹಾಸನದವಳೇ. ಸಂಜೆ ಜಿಪೇ ಮಾಡಿದಳು.

ಭಾಗ 5/5 🧾 ₹18,000ದ ಲೆಕ್ಕ

ಹೊಸಬಳು ಹಳೆಯವಳಿಗೆ ನೇರವಾಗಿ ₹18,000 ಕೊಟ್ಟುಬಿಟ್ರೆ ಮುಗೀತು ಅನ್ಸುತ್ತೆ. ಅಲ್ಲೊಂದು ತೊಡಕಿದೆ. ಏಪ್ರಿಲಲ್ಲಿ ಓನರ್ ₹15,000 ಪೇಂಟಿಂಗಿಗೆ ಹಿಡಿದಾಗ ಆ ಪಾಲಿನ ಶೇ. 30, ಅಂದ್ರೆ ₹4,500, ನಾಲ್ಕೇ ತಿಂಗಳು ಇದ್ದ ಹೊಸಬಳ ತಲೆ ಮೇಲೆ ಬೀಳುತ್ತೆ. ಏಳು ತಿಂಗಳು ಇದ್ದವಳು ಒಂದು ಪೈಸೆ ಕೊಡದೇ ಹೋಗಿರ್ತಾಳೆ.

ಅದಕ್ಕೆ ತಿಂಗಳ ಪ್ರಕಾರ ಹಂಚಬೇಕು. ₹4,500ನ್ನ 11ರಿಂದ ಭಾಗಿಸಿ 7ರಿಂದ ಗುಣಿಸಿದ್ರೆ ₹2,864, ಇದು ಹಾಸನದವಳದು. ಉಳಿದ ₹1,636 ಹೊಸಬಳದು. ಹಾಗಾಗಿ ಹೊಸಬಳು ಹಳೆಯವಳಿಗೆ ಕೊಟ್ಟಿದ್ದು 18,000 − 2,864 = ₹15,136. ಏಪ್ರಿಲಲ್ಲಿ ಅವಳಿಗೆ ವಾಪಸ್ ಬರೋದು 18,000 − 4,500 = ₹13,500. ವ್ಯತ್ಯಾಸ ₹1,636, ಸರಿಯಾಗಿ ಅವಳ ಪಾಲು. ಹಾಸನದಲ್ಲಿ ಸಂಘದ ಕಂತಿಗೆ ₹15,136 ಒಂದೇ ದಿನ ತಲುಪಿತು.

ಒಡೆದದ್ದು, ಹಾಳಾದದ್ದರ ಲೆಕ್ಕ ಹೊರಡೋ ದಿನವೇ ಮಾಡಿ. ಬಂದ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡು, ಬಾತ್‌ರೂಮಿನ ಟೈಲ್ಸು ಎಲ್ಲ ವೀಡಿಯೋ ಮಾಡಿಟ್ಟಿದ್ದರೆ ಹೋಲಿಸಿ ನೋಡಬಹುದು. ವೀಡಿಯೋ ಇಲ್ಲದಿದ್ರೆ ಏಪ್ರಿಲಲ್ಲಿ ಎಲ್ಲ ಬಿರುಕೂ ಕೊನೇಲಿ ಇದ್ದವರದೇ ಆಗುತ್ತೆ.

ಇನ್ನೊಂದು ಕೆಲಸ ಬಾಕಿ ಇರುತ್ತೆ, ತುಂಬ ಜನ ಇಲ್ಲೇ ಬಿಟ್ಟುಬಿಡ್ತಾರೆ. ಓನರ್ ಕಾಗದದಲ್ಲಿ ಇನ್ನೂ ಹಾಸನದವಳ ಸಹಿ ಇದೆ, ಹೊಸಬಳದು ಇಲ್ಲ. ಸೆಕ್ಷನ್ 43 ನೆನಪಿಸ್ಕೊಳ್ಳಿ: ಹೋದವಳು ಓನರ್ ಲೆಕ್ಕದಲ್ಲಿ ಇನ್ನೂ ಸಾಲಗಾರಳೇ. ಹೊಸಬಳಿಗೋ, ಏಪ್ರಿಲಲ್ಲಿ ಅಡ್ವಾನ್ಸ್ ಕೇಳೋಕೆ ಓನರ್ ಹತ್ತಿರ ಒಂದು ಕಾಗದವೂ ಇಲ್ಲ. ನಾವು ಒಂದು ಪುಟ ಬರೆದು, 'ಇಂಥವರು ಬಿಟ್ಟಿದ್ದಾರೆ, ಇಂಥವರು ಅದೇ ಷರತ್ತಿಗೆ ಸೇರಿದ್ದಾರೆ, ಅಡ್ವಾನ್ಸಿನಲ್ಲಿ ಇವರ ಪಾಲು ₹18,000' ಅಂತ ನಾಲ್ವರೂ ಸಹಿ ಹಾಕಿ ಓನರ್ ಸಹಿಯನ್ನೂ ತಗೊಂಡ್ವಿ. ಆಮೇಲೇ ಹೊಸಬಳು ದುಡ್ಡು ಕಳಿಸಿದ್ದು. ಆ ಕ್ರಮ ತಿರುಗಿಸಬೇಡಿ.

ನೀವು ಬರೆಯುವಾಗ ಪುಟ ಹೀಗಿರಲಿ: ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು, ಬಾಡಿಗೆ ಪಾಲು, ಬಿಲ್ಲು ತಲೆ ಲೆಕ್ಕ, ಹೊರಡೋ ನೋಟಿಸು, ಬದಲಿ ಒಪ್ಪೋ ಕ್ರಮ, ಪೇಂಟಿಂಗ್ ಹಂಚಿಕೆ, ತಾರೀಕು, ಸಹಿ. ಎಲ್ಲರೂ 18 ತುಂಬಿದವರಾಗಿರಬೇಕು, ಇಲ್ಲದಿದ್ರೆ ಅವರ ಸಹಿಗೆ ಕರಾರಿನ ಬೆಲೆ ಇಲ್ಲ. ಕೈಯಲ್ಲಿ ಬರೆಯೋದಾದ್ರೆ ಮೊದಲು ಹೊರಟು ಹೋಗಬಹುದಾದವರ ಕೈಲೇ ಬರೆಸಿ 😄

#ರೂಮ್‌ಮೇಟ್ಸ್ #ಮೈಸೂರು #ಬಿಕಾಂ #ಬಾಡಿಗೆಮನೆ