ಉಯಿಲಿನ ಕೊನೆಯ ಪುಟ

ಉಯಿಲು ಕೈಗೆ ಬಂದಾಗ ಎಲ್ಲರೂ ಆಸ್ತಿಯ ಪಟ್ಟಿಯನ್ನು ನೋಡುತ್ತಾರೆ. ನಾನು ಮೊದಲು ನೋಡುವುದು ಕೊನೆಯ ಪುಟವನ್ನು. ಅರಿಶಿನಕುಂಟೆಯ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ತೀರಿಕೊಂಡಾಗ ಮನೆಯವರು ಅವರ ಉಯಿಲನ್ನು ಓದಿಸಿದರು. ಸ್ವಯಾರ್ಜಿತವಾದ ತೋಟ ಹಿರಿಯ ಮಗನಿಗೆ, ಮನೆ ಪತ್ನಿಗೆ. ಕಿರಿಯವನಾದ ನನ್ನ ವಿದ್ಯಾರ್ಥಿಗೆ ಏನೂ ಇಲ್ಲ. ನಿರ್ವಾಹಕ ಸೋದರಮಾವ, ಸಾಕ್ಷಿಗಳು ಅವರೇ ಮತ್ತು ನೆರೆಯವರೊಬ್ಬರು.

“ನಿರ್ವಾಹಕರೇ ಸಾಕ್ಷಿ ಹಾಕಿದರೆ ನಡೆಯುತ್ತದೆಯೇ, ಸರ್?” ಎಂದ. ನಡೆಯುತ್ತದೆ, 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 68ನೆಯ ಕಲಮು ಅದಕ್ಕೆ ಅಡ್ಡಿಯಿಲ್ಲವೆನ್ನುತ್ತದೆ. 63ನೆಯ ಕಲಮು ಕೇಳುವುದು ಬೇರೆಯದನ್ನು. ಬರೆಸಿದವರು ಸಹಿ ಮಾಡಿದ್ದನ್ನು ಪ್ರತಿ ಸಾಕ್ಷಿಯೂ ಕಂಡಿರಬೇಕು, ಇಲ್ಲವೇ ಅದು ತಮ್ಮ ಸಹಿಯೆಂದು ಅವರೇ ಒಪ್ಪಿದ್ದನ್ನು ಕೇಳಿರಬೇಕು. ಬಳಿಕ ಅವರೆದುರಿಗೇ ತಾವೂ ಸಹಿ ಹಾಕಿರಬೇಕು. ತಕರಾರು ಬಂದರೆ, ನೋಂದಣಿಯಾದ ಉಯಿಲಾದರೂ, ಬದುಕಿರುವ ಸಾಕ್ಷಿಯೊಬ್ಬರು ನ್ಯಾಯಾಲಯದಲ್ಲಿ ಇದನ್ನು ಹೇಳಬೇಕಾಗುತ್ತದೆ.

ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣ ಮೈಸೂರು ಸೀಮೆಯದು. ಅದರಲ್ಲಿ 1958ರಲ್ಲಿ ಸುಪ್ರೀಂ ಕೋರ್ಟು ಉಯಿಲನ್ನು ಒಪ್ಪಲಿಲ್ಲ. ಬರೆಸುವುದರಲ್ಲಿ ಮುಂದಾದವರಿಗೇ ಅದರಿಂದ ಹೆಚ್ಚಿನ ಲಾಭವಾದರೆ, ಹುಟ್ಟುವ ಸಂಶಯವನ್ನು ಅವರೇ ನಿವಾರಿಸಬೇಕೆಂದು ಹೇಳಿತು. ಇಲ್ಲಿ ಸೋದರಮಾವನಿಗೆ ಏನನ್ನೂ ಬರೆದಿರಲಿಲ್ಲವಾದ್ದರಿಂದ ಆ ಆಕ್ಷೇಪಕ್ಕೆ ಎಡೆಯಿರಲಿಲ್ಲ.

ಉಯಿಲು ಬರೆಸುವವರು ಪಾಲು ಪಡೆಯದವರನ್ನು, ತಮಗಿಂತ ಕಿರಿಯರನ್ನು ಸಾಕ್ಷಿಗಳಾಗಿ ಆರಿಸಿಕೊಳ್ಳುವುದು ಒಳಿತು.