ಒಂದೇ ಫೋನು, ಎರಡು ಕೀಲಿಕೈ

ತಾಯಿಯೊಬ್ಬಳು ತನ್ನ ಶಸ್ತ್ರಚಿಕಿತ್ಸೆಯ ಗಾಯದ ಚಿತ್ರ ತೆಗೆದು ವೈದ್ಯರಿಗೆ ವಾಟ್ಸಾಪ್ ಮೂಲಕ ಕಳುಹಿಸಿದ್ದಾಳೆ ಎಂದಿಟ್ಟುಕೊಳ್ಳಿ. ಅದೇ ಆಂಡ್ರಾಯ್ಡ್ ಫೋನಿನಲ್ಲಿ ಒಂಬತ್ತು ವರ್ಷದ ಮಗನೂ ಆಟವಾಡುತ್ತಾನೆ. ಫೋನು ತೆರೆಯುವ ಪಿನ್ ಅವನಿಗೂ ಗೊತ್ತು.

ಗೂಗಲ್ ಫೋಟೋಸ್‌ನಲ್ಲಿ ಬೀಗವಿರುವ ಫೋಲ್ಡರ್ ಇದೆ. ಆದರೆ ಅದು ತೆರೆಯುವುದು ಫೋನಿನ ಪಿನ್‌ನಿಂದಲೇ. ತಲೆಬಾಗಿಲಿನ ಕೀಲಿಕೈಯೇ ಪೆಟ್ಟಿಗೆಗೂ ಹೊಂದುವುದಾದರೆ ಬೀಗವಿದ್ದೂ ಪ್ರಯೋಜನವೇನು? ಇಂಥ ಮನೆಗೆ ಗೂಗಲ್‌ನ Files ಆ್ಯಪ್‌ನಲ್ಲಿರುವ Safe folder ಹೆಚ್ಚು ಸೂಕ್ತ. ಅದಕ್ಕೆ ನಾಲ್ಕಂಕಿಯ ಪ್ರತ್ಯೇಕ ಪಿನ್ ಇಡಬಹುದು. Files ಆ್ಯಪ್‌ನಲ್ಲಿ ಚಿತ್ರವನ್ನು ಆರಿಸಿ, Move to Safe folder ಎಂಬುದನ್ನು ಒತ್ತಿದರೆ ಸಾಕು. ಆ ಪಿನ್ ಮರೆತರೆ ಮಾತ್ರ ಚಿತ್ರವನ್ನು ಮರಳಿ ಪಡೆಯಲಾಗದು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ವೈದ್ಯರಿಗೆ ಕಳುಹಿಸಿದ ಪ್ರತಿ ವಾಟ್ಸಾಪ್ ಸಂಭಾಷಣೆಯಲ್ಲಿ ಉಳಿದಿರುತ್ತದೆ. ಅದನ್ನು ಅಲ್ಲಿಯೇ ಅಳಿಸಬೇಕು. ಬ್ಯಾಕಪ್ ಚಾಲನೆಯಲ್ಲಿದ್ದರೆ ಇನ್ನೊಂದು ಪ್ರತಿ ಗೂಗಲ್ ಫೋಟೋಸ್ ಸೇರಿರುತ್ತದೆ. ಚಿತ್ರವನ್ನು ಮೊದಲು ಪೆಟ್ಟಿಗೆಗೆ ಸೇರಿಸಿ, ಬಳಿಕ ಆ ಪ್ರತಿಯನ್ನು ಅಳಿಸಿರಿ. ಅಳಿಸಿದ್ದೂ 60 ದಿನ ಕಸದಬುಟ್ಟಿಯಲ್ಲಿ ಕಾಣಸಿಗುವುದರಿಂದ ಬುಟ್ಟಿಯನ್ನೂ ಬರಿದು ಮಾಡಿರಿ.

ಕೊನೆಗೆ, ಮಗನಿಗೆ ತಿಳಿದಿರುವ ಪಿನ್‌ನಿಂದಲೇ ಫೋನು ತೆರೆದು ಗ್ಯಾಲರಿ, ಸಂಭಾಷಣೆ, ಕಸದಬುಟ್ಟಿ ಮೂರನ್ನೂ ನೋಡಿರಿ. ಅಲ್ಲೆಲ್ಲೂ ಚಿತ್ರ ಕಾಣದಿದ್ದರೆ ಫೋನನ್ನು ನಿಶ್ಚಿಂತೆಯಿಂದ ಅವನ ಕೈಗೆ ಕೊಡಬಹುದು. ಇದು ಮಗನ ಮೇಲಿನ ಅಪನಂಬಿಕೆಯಲ್ಲ. ನೋಯುವ ದೇಹಕ್ಕೆ ಸಲ್ಲಬೇಕಾದ ಮರ್ಯಾದೆ.